ಆರ್ಡರ್ ನಂ. 2217 ರದ್ದಾಗಿದೆ, ₹1,600 ಪೂರ್ತಿ ವಾಪಸ್ ಬರುತ್ತದೆ

ಮಡಿಕೇರಿ
30 ಜುಲೈ 2025, ಬುಧವಾರ

ನಮಸ್ಕಾರ ಮೇಡಂ,

ಬೆಳಿಗ್ಗೆ ನೀವು ಫೋನಿನಲ್ಲಿ ಹೇಳಿದಂತೆ ನಿಮ್ಮ 2217ನೇ ನಂಬರಿನ ಆರ್ಡರ್ ಅನ್ನು ಇವತ್ತು ಮಧ್ಯಾಹ್ನ 12.20ಕ್ಕೆ ರದ್ದು ಮಾಡಿದ್ದೇವೆ. ಮಧ್ಯೆ ಲೈನ್ ಕಟ್ಟಾಗಿ ಮಾತು ಪೂರ್ತಿ ಆಗಲಿಲ್ಲ. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ, ನಿಮ್ಮ ಹತ್ತಿರ ಲೆಕ್ಕಕ್ಕೂ ಇರಲಿ.

ಆರ್ಡರಿನಲ್ಲಿ ಇದ್ದದ್ದು: ಕಾಫಿ ಪುಡಿ 1 ಕೆಜಿ (ಚಿಕೋರಿ ಶೇ. 20) ₹760, ಕಾಳುಮೆಣಸು ಕಾಲು ಕೆಜಿ ₹260, ಕಾಚಂಪುಳಿ ಒಂದು ಬಾಟ್ಲಿ ₹340, ಆಟಿ ಸೊಪ್ಪು ಎರಡು ಕಟ್ಟು ₹100, ಕೊರಿಯರ್ ₹140. ಒಟ್ಟು ₹1,600. ಇದರಲ್ಲಿ ಒಂದು ರೂಪಾಯಿಯನ್ನೂ ಹಿಡಿದುಕೊಳ್ಳುವುದಿಲ್ಲ. ಪಾರ್ಸೆಲ್ ನಮ್ಮ ಅಂಗಡಿ ಬಿಟ್ಟು ಹೊರಟೇ ಇರಲಿಲ್ಲ. ಅಷ್ಟಕ್ಕೂ ತಡವಾಗಿದ್ದು ನಮ್ಮ ಕಡೆಯಿಂದ, ನಿಮ್ಮಿಂದಲ್ಲ.

ನೀವು ದುಡ್ಡು ಕೊಟ್ಟಿದ್ದು ಎರಡು ಸಲ ಅಲ್ವಾ? ಹಾಗಾಗಿ ವಾಪಸ್ ಬರುವುದೂ ಎರಡು ಕಂತಿನಲ್ಲಿ. ಒಂದೇ ಮೊತ್ತ ಬರಲಿಲ್ಲ ಅಂತ ಗಾಬರಿ ಆಗಬೇಡಿ.

ಕೊರಿಯರಿನ ₹140 ಅನ್ನು ನೀವು ಆಮೇಲೆ ನೇರವಾಗಿ ನಮ್ಮ ಅಂಗಡಿ ಫೋನಿಗೇ ಯುಪಿಐ ಮಾಡಿದ್ದಿರಿ. ಅದನ್ನು ಈಗಷ್ಟೇ ನಿಮ್ಮ ಅದೇ ನಂಬರಿಗೆ ವಾಪಸ್ ಕಳಿಸಿದೆ. ರೆಫರೆನ್ಸ್ ನಂಬರಿನ ಕೊನೆಯ ನಾಲ್ಕು ಅಂಕಿ 7316. ಈ ಮೇಲ್ ಓದುವ ಹೊತ್ತಿಗೆ ನಿಮ್ಮ ಖಾತೆಯಲ್ಲಿ ಇರಬೇಕು.

ಉಳಿದ ₹1,460 ನೀವು ವೆಬ್‌ಸೈಟಿನಲ್ಲಿ ಆರ್ಡರ್ ಹಾಕುವಾಗಲೇ ಯುಪಿಐ ಮೂಲಕ ಕೊಟ್ಟಿದ್ದು. ಅದು ಪೇಮೆಂಟ್ ಕಂಪನಿಯ ದಾರಿಯಲ್ಲಿ ಬಂದ ದುಡ್ಡು, ಅದೇ ದಾರಿಯಲ್ಲಿ, ದುಡ್ಡು ಕಟ್ಟಾದ ಅದೇ ಬ್ಯಾಂಕ್ ಖಾತೆಗೆ ಹೋಗಬೇಕು. ಬೇರೆ ಖಾತೆಗೆ ಹಾಕಲು ನಮಗೆ ಆಗುವುದಿಲ್ಲ. ರೀಫಂಡ್ ಇವತ್ತೇ ಶುರು ಮಾಡಿದ್ದೇವೆ. 5ರಿಂದ 7 ಕೆಲಸದ ದಿನ ಹಿಡಿಯುತ್ತದೆ. ಮಧ್ಯೆ ಒಂದು ಭಾನುವಾರ ಬರುತ್ತದೆ, ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಆಗಸ್ಟ್ 5, ಮಂಗಳವಾರದಿಂದ 7, ಗುರುವಾರದ ಒಳಗೆ. ಅದಕ್ಕೂ ಮೊದಲೇ ಬಂದರೂ ಬರಬಹುದು, ಆದರೆ ನಾನು ಮಾತು ಕೊಡುವುದು 7ಕ್ಕೇ. ಬ್ಯಾಂಕಿನ ಮೆಸೇಜಿನಲ್ಲಿ ನಮ್ಮ ಅಂಗಡಿ ಹೆಸರಿನ ಬದಲು ಪೇಮೆಂಟ್ ಕಂಪನಿಯ ಹೆಸರು ಇರಬಹುದು. ಮೊತ್ತ ನೋಡಿ ಗುರುತು ಹಿಡಿಯಿರಿ.

ಇನ್ನೊಂದು ಮಾತು. ರೀಫಂಡ್ ಬರಲು ನೀವು ಏನನ್ನೂ ಮಾಡಬೇಕಾಗಿಲ್ಲ. ಪಿನ್ ಒತ್ತುವುದು, ಕ್ಯೂಆರ್ ಸ್ಕ್ಯಾನ್ ಮಾಡುವುದು, ಓಟಿಪಿ ಹೇಳುವುದು ಯಾವುದೂ ಬೇಡ. ಪಿನ್ ಒತ್ತುವುದು ದುಡ್ಡು ಕೊಡುವಾಗ ಮಾತ್ರ, ತಗೊಳ್ಳುವಾಗ ಅಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಹಾಗೆ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ಪಾರ್ಸೆಲ್ ಯಾಕೆ ತಡವಾಯಿತು ಅಂತ ನೀವು ಕೇಳಿದಿರಿ, ಅದನ್ನೂ ಹೇಳಿಬಿಡುತ್ತೇನೆ. ಶನಿವಾರ ರಾತ್ರಿಯ ಗಾಳಿಗೆ ನಮ್ಮ ಬೀದಿಯ ಲೈನಿನ ಮೇಲೆ ಮರ ಬಿತ್ತು. ಎರಡು ದಿನ ಕರೆಂಟ್ ಇಲ್ಲ. ನಿಮ್ಮ ಬೀಜ ಹುರಿದು ಡಬ್ಬದಲ್ಲಿ ಇಟ್ಟಿದ್ದೆ, ಮಿಷನ್ ಓಡದೆ ಪುಡಿ ಮಾಡಲು ಆಗಲಿಲ್ಲ. ಕರೆಂಟ್ ಬಂದ ಮೇಲೆ ಕೊರಿಯರ್‌ನವರು ಶನಿವಾರಕ್ಕೆ ಮೊದಲು ಮೈಸೂರು ಮುಟ್ಟುವುದು ಕಷ್ಟ ಅಂದರು. ಕಕ್ಕಡ ಹದಿನೆಂಟು ಆಗಸ್ಟ್ 3ಕ್ಕೆ, ಭಾನುವಾರ. ಒಂದು ದಿನ ಜಾರಿದರೂ ಸೊಪ್ಪು ಬಂದು ಏನು ಪ್ರಯೋಜನ? ಸೋಮವಾರವೇ ನಿಮಗೆ ಫೋನ್ ಮಾಡಿ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು. ಕ್ಷಮಿಸಿ.

ನಿಮಗಾಗಿ ಬಾಳೆಎಲೆಯಲ್ಲಿ ಸುತ್ತಿಟ್ಟಿದ್ದ ಎರಡು ಕಟ್ಟು ಸೊಪ್ಪನ್ನು ಪಕ್ಕದ ಮನೆಯವರು ಪಾಯಸಕ್ಕೆ ಅಂತ ತಗೊಂಡು ಹೋದರು. ಹಾಳಾಗಲಿಲ್ಲ. ನಿಮ್ಮ ತಂಗಿ ವಿರಾಜಪೇಟೆಯಿಂದ ಶನಿವಾರ ಹೊರಡುತ್ತಾರೆ ಅಂದಿರಲ್ಲ, ಅವರೇ ತಂದುಕೊಡುವುದು ಒಳ್ಳೆಯದು. ಅವತ್ತೇ ಕೊಯ್ದದ್ದಾದರೆ ಬಣ್ಣವೂ ಚೆನ್ನಾಗಿ ಬಿಡುತ್ತದೆ.

ಆಗಸ್ಟ್ 7ರ ರಾತ್ರಿವರೆಗೂ ₹1,460 ಬರದಿದ್ದರೆ 8ರ ಬೆಳಿಗ್ಗೆ ಇದೇ ಮೇಲ್‌ಗೆ ಉತ್ತರ ಹಾಕಿ, ಜೊತೆಗೆ ಖಾತೆಯ ಸ್ಟೇಟ್‌ಮೆಂಟಿನ ಫೋಟೋ ಕಳಿಸಿ. ಪೇಮೆಂಟ್ ಕಂಪನಿಯ ಜೊತೆ ನಾವೇ ಮಾತಾಡುತ್ತೇವೆ, ನೀವು ಬ್ಯಾಂಕಿಗೆ ಅಲೆಯುವುದು ಬೇಡ. ಅಂಗಡಿ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಈ ಮಳೆಯಲ್ಲಿ ಫೋನ್ ಸಿಗುವುದು ಅಷ್ಟಕ್ಕಷ್ಟೇ, ವಾಟ್ಸಾಪ್ ಹಾಕಿದರೆ ನೆಟ್‌ವರ್ಕ್ ಬಂದ ಕೂಡಲೇ ನೋಡುತ್ತೇನೆ.

ಕಾಫಿ ಪುಡಿ ಮತ್ತೆ ಬೇಕಾದಾಗ ಹೇಳಿ. ಪುಡಿ ಮಾಡಿದ ದಿನವೇ ಕಳಿಸುತ್ತೇನೆ.

ಇಂತಿ,
ಕಾಫಿ ಪುಡಿ ಅಂಗಡಿಯಿಂದ