ಆ ಶೂ ಡಬ್ಬಿಯ ಕ್ಯಾಸೆಟ್‌ಗಳ ಬಗ್ಗೆ

ಹಾಯ್ ಪ್ರಶಾಂತ್,

ನಾನು ವೀಣಾ, ಬಿ.ಎಸ್ಸಿ. 2003ರ ಬ್ಯಾಚ್. ಪ್ರೊಫೈಲ್ ಫೋಟೋದಲ್ಲಿ ಕೂದಲು ಗಿಡ್ಡ, ಜೊತೆಗೆ ಕನ್ನಡಕ ಬೇರೆ. ಹೋದ ವಾರ ರಿಕ್ವೆಸ್ಟ್ ಒಪ್ಪಿಕೊಂಡಾಗ ಯಾರು ಅಂತ ಗೊತ್ತಾಯ್ತೋ ಇಲ್ವೋ, ಅದಕ್ಕೇ ಹೇಳ್ತಿದ್ದೀನಿ. ಫೈನಲ್ ಇಯರ್ ನಾಟಕಕ್ಕೆ ನೀನು ಸೌಂಡ್ ನೋಡ್ಕೋತಿದ್ದೆ, ನಾನು ಪರದೆ ಹಿಂದೆ ನಿಂತು ಮಾತು ಎತ್ತಿಕೊಡ್ತಿದ್ದೆ. ಇಷ್ಟಕ್ಕೂ ನೆನಪಾಗದಿದ್ರೆ ಪರವಾಗಿಲ್ಲ, ಮುಂದೆ ಓದು. ನಿನ್ನ ಕೆಲಸಕ್ಕೆ ಬರೋ ವಿಷಯ ಇದೆ.

ಭಾನುವಾರ ನೀನು ಹಾಕಿದ್ದ ಶೂ ಡಬ್ಬಿ ಫೋಟೋ ನೋಡ್ದೆ. ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಹಾಕೋದು ಹೇಗೆ, ಎರಡರಲ್ಲಿ ಅಪ್ಪನ ದನಿ ಇದೆ ಅಂತ ಬರೆದಿದ್ದೆ. ಹಳೇ ಟೇಪ್‌ಗಳ ದನಿ ಉಳಿಸೋದೇ ಈಗ ನನ್ನ ಉದ್ಯೋಗ. ಕಾಮೆಂಟ್‌ನಲ್ಲೇ ಬರೆಯೋಣ ಅಂದ್ಕೊಂಡೆ, ಅಲ್ಲಿ ಹಿಡಿಸಲ್ಲ.

ಮೊದಲು, ಕಾಮೆಂಟ್‌ಗಳಲ್ಲಿ ನಾಲ್ಕು ಜನ ಹೇಳಿರೋ ಆ ಅಗ್ಗದ ಯುಎಸ್‌ಬಿ ಪ್ಲೇಯರ್ ತಗೋಬೇಡ. ಅವುಗಳಲ್ಲಿ ಮೋಟರ್ ಒಂದೇ ವೇಗದಲ್ಲಿ ಓಡೋದು ಅಪರೂಪ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಸರಿಬೇಕು. ವೇಗ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ದನಿ ಅಲೆಅಲೆಯಾಗಿ ತೇಲುತ್ತೆ, ಅಪ್ಪನ ದನಿ ಅಪ್ಪನದು ಅನ್ಸೋದೇ ಇಲ್ಲ. ಮನೆಯಲ್ಲಿ ಹಳೇ ಡೆಕ್ ಇದ್ರೆ ಅದೇ ವಾಸಿ. ಅದೂ ತೇಲಿಸ್ತಿದ್ರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿರುತ್ತೆ, ಬದಲಾಯಿಸಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ.

ಟೇಪ್ ಹಾಕೋ ಮುಂಚೆ ಪ್ರತಿ ಕ್ಯಾಸೆಟ್‌ನ ಕಿಟಕಿಯಿಂದ ಬೆಳಕಿಗೆ ಹಿಡಿದು ನೋಡು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಥರ ಕಂಡ್ರೆ ಅದು ಬೂಸ್ಟು. ಅದನ್ನ ಡೆಕ್‌ಗೆ ಹಾಕಲೇಬೇಡ, ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತೆ. ಬೇರೆ ಕವರ್‌ನಲ್ಲಿ ಎತ್ತಿಡು. ಆಮೇಲೆ ಟೇಪ್ ಹೊರಗೆ ಕಾಣೋ ಕಡೆ ಮಧ್ಯದಲ್ಲಿ ಒಂದು ಚಿಕ್ಕ ಫೆಲ್ಟ್ ಪ್ಯಾಡ್ ಇರುತ್ತೆ, ಇದೆಯಾ ನೋಡು. ಅಂಟು ಹಳೇದಾಗಿ ಅದು ಬಿದ್ದುಹೋಗಿರುತ್ತೆ, ಆಗ ದನಿ ಮಂಕಾಗುತ್ತೆ. ಜನ ಟೇಪೇ ಹಾಳಾಯ್ತು ಅಂತ ಎಸೆದುಬಿಡ್ತಾರೆ. ಹಳೇ ಖಾಲಿ ಕ್ಯಾಸೆಟ್‌ನಿಂದ ಪ್ಯಾಡ್ ತೆಗೆದು ಹಾಕಿದ್ರೆ ಆಯ್ತು.

ಇದನ್ನ ಮಾತ್ರ ಮರೀಬೇಡ: ಟೇಪ್ ಹೊರಗೆ ಕಾಣೋ ಕಡೆಯ ಎದುರು ಅಂಚಲ್ಲಿ, ಎರಡು ಮೂಲೆಗೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತೆ. ಎರಡನ್ನೂ ಮುರಿದುಬಿಡು. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಏನೂ ಅಳಿಸಲ್ಲ.

ಹೆಡ್‌ಗೆ 90% ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ. ಕಡ್ಡಿಗೆ ಕಂದು ಬಣ್ಣ ಹತ್ತೋದು ನಿಲ್ಲೋವರೆಗೂ ಒರೆಸು. ರಬ್ಬರ್ ರೋಲರ್‌ಗೆ ಆಲ್ಕೋಹಾಲ್ ಬೇಡ, ರಬ್ಬರ್ ಒಣಗಿ ಬಿರುಕು ಬಿಡುತ್ತೆ. ಒದ್ದೆ ಬಟ್ಟೆ ಸಾಕು, ಪೂರ್ತಿ ಆರಿದ ಮೇಲೆ ಟೇಪ್ ಹಾಕು. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನ ನೇರ ಪ್ಲೇ ಮಾಡಬೇಡ. ಒಂದು ಸಲ ಕೊನೆವರೆಗೂ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಶುರು ಮಾಡು. ಮಧ್ಯೆ ತುಂಡಾದ್ರೆ ಗಾಬರಿ ಬೇಡ, ಆದ್ರೆ ಮಾಮೂಲಿ ಸೆಲ್ಲೋಟೇಪ್ ಮಾತ್ರ ಹಚ್ಚಬೇಡ. ಅದರ ಗೋಂದು ಒಸರಿ ಪಕ್ಕದ ಸುತ್ತುಗಳನ್ನೂ ಅಂಟಿಸುತ್ತೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಸಿಗುತ್ತೆ.

ಡೆಕ್‌ನ LINE OUT ನಿಂದ ಕೆಂಪು-ಬಿಳಿ ಪಿನ್ನಿನ ವೈರ್ ತಗೊಂಡು, ಲೈನ್ ಇನ್‌ಪುಟ್ ಇರೋ ಸಣ್ಣ ಯುಎಸ್‌ಬಿ ಆಡಿಯೊ ಬಾಕ್ಸ್ ಮೂಲಕ ಲ್ಯಾಪ್‌ಟಾಪ್‌ಗೆ ಹಾಕು. ಲ್ಯಾಪ್‌ಟಾಪ್‌ನ ಮೈಕ್ ಜ್ಯಾಕ್‌ಗೆ ನೇರ ಚುಚ್ಚಬೇಡ. ಅದು ಮೈಕಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಡೆಕ್‌ನದು ಬಂದ್ರೆ ದನಿ ಒಡೆಯುತ್ತೆ. ಸಾಫ್ಟ್‌ವೇರ್‌ಗೆ Audacity ಉಚಿತ. 44100 Hz, 24-bit ಇಡು. ಜೋರಾದ ಜಾಗದಲ್ಲೂ ಮೀಟರ್ -6 dB ದಾಟದ ಹಾಗೆ ನೋಡ್ಕೋ. ಒಡೆದು ರೆಕಾರ್ಡ್ ಆಗಿದ್ದನ್ನ ಆಮೇಲೆ ಯಾರೂ ಸರಿಮಾಡಕ್ಕಾಗಲ್ಲ. ಸ್ಟೀರಿಯೊ WAV ಆದ್ರೆ ಒಂದು ಗಂಟೆಗೆ ಹೆಚ್ಚುಕಮ್ಮಿ 950 MB, ಜಾಗ ಖಾಲಿ ಮಾಡಿಟ್ಕೋ. ಹಿಸ್ಸ್ ಸದ್ದು ತೆಗೆಯೋ ಆಸೆ ಬರುತ್ತೆ. ತೆಗಿ, ಆದ್ರೆ ಕಾಪಿ ಮೇಲೆ. ಹೆಚ್ಚಾದ್ರೆ ಮನುಷ್ಯರ ದನಿ ನೀರೊಳಗಿಂದ ಬಂದ ಹಾಗಾಗುತ್ತೆ.

ಎಲ್ಲ ಸರಿ ಇದ್ದೂ ಮಂಕಾಗೇ ಕೇಳಿದ್ರೆ ಹೆಡ್ ಪಕ್ಕ ಸ್ಪ್ರಿಂಗ್ ಇರೋ ಒಂದು ಪುಟ್ಟ ಸ್ಕ್ರೂ ಸಿಗುತ್ತೆ. ಈಗ ಎಲ್ಲಿದೆ ಅಂತ ಗುರುತು ಮಾಡ್ಕೊಂಡು, ಟೇಪ್ ಓಡ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸು. 'ಸ', 'ಶ' ಎಲ್ಲಿ ಚೆನ್ನಾಗಿ ಬಿಡಿಸಿ ಕೇಳುತ್ತೋ ಅಲ್ಲಿ ನಿಲ್ಲಿಸು. ಕಾಲು ಸುತ್ತು ದಾಟಬೇಡ. ಬೇರೆ ಟೇಪ್ ರೆಕಾರ್ಡರ್‌ನಲ್ಲಿ ತುಂಬಿದ ಕ್ಯಾಸೆಟ್‌ಗೆ ಇದೇ ಸಾಮಾನ್ಯ ಕಾಯಿಲೆ.

ಅಪ್ಪನ ಎರಡನ್ನೂ ಕೊನೆಗೆ ಇಟ್ಕೋ, ಕೈ ಪಳಗಲಿ. ಪಳಗಿಸಿಕೊಳ್ಳೋಕೆ ಒಂದು ನಾನೇ ಹೇಳ್ತೀನಿ: ಫೋಟೋದಲ್ಲಿ ಎಡಗಡೆಯಿಂದ ಮೂರನೇದು, ನೀಲಿ ಇಂಕಿನಲ್ಲಿ 'ರಿಹರ್ಸಲ್ 2' ಅಂತ ಇರೋದು. ಅದು ನನ್ನ ಕೈಬರಹ. ಜೂಮ್ ಮಾಡಿ ಮೂರು ಸಲ ನೋಡ್ದೆ. ನೀನು ಇಷ್ಟು ವರ್ಷ ಇಟ್ಕೊಂಡಿದ್ದೀಯೋ, ಡಬ್ಬಿಯೇ ತೆರೆದಿರಲಿಲ್ವೋ ಗೊತ್ತಿಲ್ಲ. ಎರಡನೇದೇ ಇರಬೇಕು, ನಂಗೂ ಹಾಗೆ ಅಂದ್ಕೊಳ್ಳೋದು ಕ್ಷೇಮ.

ಈಗ ಹೇಳಿದ್ರೆ ಯಾರಿಗೂ ನಷ್ಟ ಇಲ್ಲ ಅಂತ ಹೇಳ್ತೀನಿ. ಆ ಕ್ಯಾಸೆಟ್ ನಿನಗೆ ಕೊಟ್ಟಿದ್ದೇ ವಾಪಸ್ ಕೇಳೋಕೆ ಬರಬಹುದು ಅನ್ನೋ ನೆಪಕ್ಕೆ. ಪರೀಕ್ಷೆ ಮುಗೀತು, ಎಲ್ಲರೂ ಊರಿಗೆ ಹೋದ್ರು, ಕೇಳೋ ಧೈರ್ಯ ಬರಲಿಲ್ಲ. ಅಷ್ಟೇ ವಿಷಯ. ಇದಕ್ಕೆ ನೀನು ಏನೂ ಹೇಳಬೇಕಿಲ್ಲ, ಮನೆಯಲ್ಲಿ ಯಾರಾದ್ರೂ ಓದಿದ್ರೂ ಮುಜುಗರ ಪಡೋಂಥದ್ದೂ ಇದರಲ್ಲಿ ಇಲ್ಲ. ಸುಮ್ಮನೆ ನಕ್ಕುಬಿಡು.

ಅಪ್ಪನ ಬಗ್ಗೆ ಪೋಸ್ಟ್‌ನಲ್ಲೇ ಗೊತ್ತಾಯ್ತು. ರಿಹರ್ಸಲ್ ತಡ ಆದಾಗೆಲ್ಲ ಸ್ಕೂಟರ್ ತಗೊಂಡು ಬಂದು ಗೇಟ್ ಹತ್ರ ಕಾಯ್ತಿದ್ರು, ಒಳಗೆ ಬನ್ನಿ ಅಂದ್ರೂ ಬರ್ತಿರಲಿಲ್ಲ. ಬೇಜಾರಾಯ್ತು ಪ್ರಶಾಂತ್.

ಉತ್ತರ ಬರೆಯೋಕೆ ಪುರುಸೊತ್ತಿಲ್ದಿದ್ರೆ ಬಿಡು, ಓದಿದ್ಯಾ ಇಲ್ವಾ ಅಂತ ನಾನೇನೂ ಕಾಯ್ತಾ ಕೂರಲ್ಲ. ಕೆಲಸ ಶುರು ಮಾಡೋದಾದ್ರೆ ಮಾತ್ರ ಎರಡು ಫೋಟೋ ಕಳಿಸು: ಡೆಕ್‌ನ ಹಿಂಭಾಗ ಒಂದು, ಅಪ್ಪನ ಕ್ಯಾಸೆಟ್‌ನ ಮೇಲೆ ನಿಮಿಷ ಬರೆದಿರೋ ಕಡೆ ಇನ್ನೊಂದು. 120 ಅಂತ ಇದ್ರೆ ಟೇಪ್ ತುಂಬ ತೆಳು, ಬೇಗ ಸಿಕ್ಕಿಹಾಕಿಕೊಳ್ಳುತ್ತೆ. ಅದನ್ನ ನನ್ನ ಕೇಳದೆ ಓಡಿಸಬೇಡ.

ವೀಣಾ