ಹೊಸಬರಿಗೆ 8 ವಾರಗಳ ಜಿಮ್ ವೇಳಾಪಟ್ಟಿ: ಸೋಮ, ಬುಧ, ಶುಕ್ರ

ಹಿಂದೆಂದೂ ತೂಕ ಎತ್ತದವರಿಗೆ, ಅಥವಾ ವರ್ಷಗಟ್ಟಲೆ ಬಿಟ್ಟು ಮತ್ತೆ ಶುರು ಮಾಡುವವರಿಗೆ ಈ ಪಟ್ಟಿ. ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ಒಂದು ಗಂಟೆ. ಮೂರೂ ದಿನ ಇಡೀ ದೇಹಕ್ಕೆ ವ್ಯಾಯಾಮ ಇರುತ್ತದೆ. ಒಂದು ದಿನ ಎದೆ, ಇನ್ನೊಂದು ದಿನ ಕಾಲು ಎಂದು ಹಂಚಿದರೆ ತಳ್ಳುವುದು, ಎಳೆಯುವುದು ಮುಂತಾದ ಪ್ರತಿ ಬಗೆಯ ಚಲನೆಯೂ ವಾರಕ್ಕೊಮ್ಮೆ ಮಾತ್ರ ಸಿಗುತ್ತದೆ. ಹೊಸಬರು ಚಲನೆಯನ್ನು ಕಲಿಯಲು ಅಷ್ಟು ಅಭ್ಯಾಸ ಸಾಲದು.

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹಳೆಯ ಬೆನ್ನು ನೋವು ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ ಬನ್ನಿ.

ವಾರ್ಮಪ್ (ಮೂರೂ ದಿನ, 10 ನಿಮಿಷ)

ಸೈಕಲ್ ಅಥವಾ ಟ್ರೆಡ್‌ಮಿಲ್ ಮೇಲೆ 5 ನಿಮಿಷ. ಮಾತಾಡಲು ಆಗುವಷ್ಟೇ ವೇಗ ಸಾಕು. ನಂತರ ಭುಜ ತಿರುಗಿಸುವುದು 10 ಸಲ, ಕಾಲನ್ನು ಹಿಂದೆ ಮುಂದೆ ಬೀಸುವುದು ಒಂದೊಂದು ಕಾಲಿಗೆ 10 ಸಲ, ತೂಕವಿಲ್ಲದ ಸ್ಕ್ವಾಟ್ 10 ಸಲ. ಆಮೇಲೆ ಆ ದಿನದ ಮೊದಲ ವ್ಯಾಯಾಮವನ್ನು ಅರ್ಧ ತೂಕದಲ್ಲಿ 8 ಸಲ ಮಾಡಿ. ಇದು ಸೆಟ್ ಲೆಕ್ಕಕ್ಕೆ ಸೇರುವುದಿಲ್ಲ. ರೆಪ್ ಎಂದರೆ ಚಲನೆಯನ್ನು ಒಂದು ಸಲ ಪೂರ್ತಿ ಮಾಡುವುದು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್.

ಸೋಮವಾರ

| ವ್ಯಾಯಾಮ | ಸೆಟ್ | ರೆಪ್ಸ್ | ಸೆಟ್‌ಗಳ ನಡುವೆ ವಿಶ್ರಾಂತಿ |
|---|---|---|---|
| ಗಾಬ್ಲೆಟ್ ಸ್ಕ್ವಾಟ್: ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್ | 3 | 8–12 | 90 ಸೆಕೆಂಡು |
| ಡಂಬೆಲ್ ಬೆಂಚ್ ಪ್ರೆಸ್ | 3 | 8–12 | 90 ಸೆಕೆಂಡು |
| ಸೀಟೆಡ್ ಕೇಬಲ್ ರೋ | 3 | 10–12 | 90 ಸೆಕೆಂಡು |
| ಲೆಗ್ ಕರ್ಲ್ ಮೆಷಿನ್ | 2 | 10–15 | 60 ಸೆಕೆಂಡು |
| ಪ್ಲ್ಯಾಂಕ್ | 3 | 20–40 ಸೆಕೆಂಡು ಹಿಡಿತ | 45 ಸೆಕೆಂಡು |

ಬುಧವಾರ

| ವ್ಯಾಯಾಮ | ಸೆಟ್ | ರೆಪ್ಸ್ | ಸೆಟ್‌ಗಳ ನಡುವೆ ವಿಶ್ರಾಂತಿ |
|---|---|---|---|
| ಲೆಗ್ ಪ್ರೆಸ್ | 3 | 10–12 | 120 ಸೆಕೆಂಡು |
| ಲ್ಯಾಟ್ ಪುಲ್‌ಡೌನ್ | 3 | 8–12 | 90 ಸೆಕೆಂಡು |
| ಕುಳಿತು ಡಂಬೆಲ್ ಶೋಲ್ಡರ್ ಪ್ರೆಸ್ | 3 | 8–12 | 90 ಸೆಕೆಂಡು |
| ಡಂಬೆಲ್ ಬೈಸೆಪ್ಸ್ ಕರ್ಲ್ | 2 | 10–15 | 60 ಸೆಕೆಂಡು |
| ನಿಂತು ಕಾಫ್ ರೇಸ್ | 2 | 12–15 | 45 ಸೆಕೆಂಡು |
| ಡೆಡ್ ಬಗ್: ಅಂಗಾತ ಮಲಗಿ ಒಂದು ಬದಿಯ ಕೈ, ಇನ್ನೊಂದು ಬದಿಯ ಕಾಲು ಚಾಚುವುದು | 2 | ಒಂದೊಂದು ಬದಿಗೆ 8 | 45 ಸೆಕೆಂಡು |

ಶುಕ್ರವಾರ

| ವ್ಯಾಯಾಮ | ಸೆಟ್ | ರೆಪ್ಸ್ | ಸೆಟ್‌ಗಳ ನಡುವೆ ವಿಶ್ರಾಂತಿ |
|---|---|---|---|
| ಡಂಬೆಲ್ ರೊಮೇನಿಯನ್ ಡೆಡ್‌ಲಿಫ್ಟ್ | 3 | 8–10 | 120 ಸೆಕೆಂಡು |
| ಬೆಂಚ್ ಮೇಲೆ ಕೈಯಿಟ್ಟು ಪುಷ್ ಅಪ್ | 3 | 6–12 | 90 ಸೆಕೆಂಡು |
| ಒಂದು ಕೈ ಡಂಬೆಲ್ ರೋ | 3 | ಒಂದೊಂದು ಕೈಗೆ 8–12 | 60 ಸೆಕೆಂಡು |
| ಸ್ಟೆಪ್ ಅಪ್ (ಮೊಣಕಾಲಿಗಿಂತ ತಗ್ಗಿನ ಪೆಟ್ಟಿಗೆ) | 2 | ಒಂದೊಂದು ಕಾಲಿಗೆ 8–10 | 75 ಸೆಕೆಂಡು |
| ಕೇಬಲ್ ಫೇಸ್ ಪುಲ್: ಕೇಬಲನ್ನು ಮುಖದ ಕಡೆಗೆ ಎಳೆಯುವುದು | 2 | 12–15 | 60 ಸೆಕೆಂಡು |
| ಟ್ರೈಸೆಪ್ಸ್ ಪುಷ್‌ಡೌನ್ | 2 | 10–15 | 60 ಸೆಕೆಂಡು |

ಮಂಗಳವಾರ, ಗುರುವಾರ, ಶನಿವಾರ 20–30 ನಿಮಿಷ ನಡಿಗೆ. ಭಾನುವಾರ ಪೂರ್ತಿ ಬಿಡುವು. ದಿನಗಳನ್ನು ಬದಲಿಸಬೇಕಾದರೆ ಬದಲಿಸಿ, ಆದರೆ ಎರಡು ಜಿಮ್ ದಿನಗಳ ನಡುವೆ ಒಂದು ದಿನವಾದರೂ ಖಾಲಿ ಇರಲಿ.

ಮೊದಲ ಎರಡು ವಾರ ಪಟ್ಟಿಯನ್ನು ಕಡಿತ ಮಾಡಿ

3 ಸೆಟ್ ಇರುವಲ್ಲಿ 2, 2 ಇರುವಲ್ಲಿ 1. ತುಂಬಾ ಸುಲಭ ಅನ್ನಿಸಬಹುದು, ಅನ್ನಿಸಲಿ. ಅಭ್ಯಾಸವಿಲ್ಲದ ಸ್ನಾಯುವಿಗೆ ಮೊದಲ ದಿನವೇ ಪೂರ್ತಿ ಹೊರೆ ಹಾಕಿದರೆ, ಮರುದಿನದಿಂದ ಮೂರನೇ ದಿನದವರೆಗೆ ಮೆಟ್ಟಿಲು ಇಳಿಯಲೂ ಕಷ್ಟವಾಗುವಷ್ಟು ಮೈಕೈ ನೋವು ಬರುತ್ತದೆ. ಈ ನೋವಿಗೇ ಜಿಮ್ ಬಿಡುವವರಿದ್ದಾರೆ. ಮೂರನೇ ವಾರದಿಂದ ಪಟ್ಟಿಯಲ್ಲಿರುವಷ್ಟು ಸೆಟ್ ಮಾಡಿ.

ಎಷ್ಟು ತೂಕ?

ಸೆಟ್ ಮುಗಿದಾಗ ಇನ್ನೂ 2 ಅಥವಾ 3 ರೆಪ್ ಸರಿಯಾದ ರೀತಿಯಲ್ಲಿ ಮಾಡಬಲ್ಲೆ ಅನ್ನಿಸಬೇಕು. ಐದಾರು ಮಾಡಬಲ್ಲೆ ಅನ್ನಿಸಿದರೆ ತೂಕ ಕಡಿಮೆ. ಕೊನೆಯ ರೆಪ್‌ನಲ್ಲಿ ಮೈ ತಿರುಚಿದರೆ, ಉಸಿರು ಕಟ್ಟಿದರೆ ಹೆಚ್ಚಾಯಿತು. ಗಾಬ್ಲೆಟ್ ಸ್ಕ್ವಾಟ್ ಅನ್ನು 4–8 ಕೆಜಿಯಿಂದ, ಬೆಂಚ್ ಪ್ರೆಸ್ ಅನ್ನು ಕೈಗೆ 3–6 ಕೆಜಿಯಿಂದ, ಶೋಲ್ಡರ್ ಪ್ರೆಸ್ ಅನ್ನು ಕೈಗೆ 2–4 ಕೆಜಿಯಿಂದ ಪರೀಕ್ಷಿಸಿ ನೋಡಿ. ಪಕ್ಕದವರು ಎತ್ತುವ ತೂಕಕ್ಕೂ ನಿಮಗೂ ಸಂಬಂಧವಿಲ್ಲ.

ಹೆಚ್ಚಿಸುವ ಕ್ರಮ ಹೀಗೆ. ಬೆಂಚ್ ಪ್ರೆಸ್‌ಗೆ 8–12 ಎಂದಿದೆ. 5 ಕೆಜಿಯಲ್ಲಿ ಮೊದಲ ದಿನ 10, 9, 8 ಬಂತು ಎಂದುಕೊಳ್ಳಿ. ತೂಕ ಮುಟ್ಟಬೇಡಿ, ಮುಂದಿನ ವಾರಗಳಲ್ಲಿ ರೆಪ್ಸ್ ಏರಿಸಿ. ಮೂರೂ ಸೆಟ್‌ನಲ್ಲಿ 12 ಬಂದ ಮೇಲೆ ಅಲ್ಲಿರುವ ಮುಂದಿನ ಡಂಬೆಲ್ ತೆಗೆದುಕೊಳ್ಳಿ. ರೆಪ್ಸ್ ಮತ್ತೆ 8ಕ್ಕೆ ಇಳಿಯುತ್ತದೆ, ಅದು ಸಹಜ. ಮೆಷಿನ್‌ನಲ್ಲಾದರೆ ಒಂದು ಪ್ಲೇಟ್ ಮಾತ್ರ. ಪುಷ್ ಅಪ್‌ನಲ್ಲಿ 12 ಆದಾಗ ತಗ್ಗಿನ ಬೆಂಚ್‌ಗೆ ಹೋಗಿ. ಪ್ರತಿ ಸೆಟ್‌ನ ತೂಕ, ರೆಪ್ಸ್ ಆಗಲೇ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ.

ವಿಶ್ರಾಂತಿಯನ್ನೂ ಗಡಿಯಾರ ನೋಡಿಯೇ ಅಳೆಯಿರಿ. 90 ಸೆಕೆಂಡನ್ನು 30ಕ್ಕೆ ಇಳಿಸಿದರೆ ಬೆವರು ಹೆಚ್ಚುತ್ತದೆ, ಮುಂದಿನ ಸೆಟ್‌ನ ರೆಪ್ಸ್ ಕುಸಿಯುತ್ತದೆ. ಫೋನ್ ನೋಡುತ್ತ 5 ನಿಮಿಷ ಕಳೆದರೆ ಪಟ್ಟಿ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ, ಮೈಯೂ ತಣ್ಣಗಾಗುತ್ತದೆ. ಇನ್ನೂ ಏದುಸಿರು ಇದ್ದರೆ ಮಾತ್ರ 30 ಸೆಕೆಂಡು ಹೆಚ್ಚು ತೆಗೆದುಕೊಳ್ಳಿ.

ಎಲ್ಲಿ ತಪ್ಪುತ್ತದೆ

ಎಲ್ಲದಕ್ಕಿಂತ ಹೆಚ್ಚು ತಪ್ಪುವುದು ರೊಮೇನಿಯನ್ ಡೆಡ್‌ಲಿಫ್ಟ್, ಹಾಗಾಗಿ ಮೊದಲ ದಿನ ಅದನ್ನು ತರಬೇತುದಾರರ ಮುಂದೆಯೇ ಮಾಡಿ. ಇದು ಬಗ್ಗುವ ವ್ಯಾಯಾಮವಲ್ಲ, ಸೊಂಟವನ್ನು ಹಿಂದಕ್ಕೆ ತಳ್ಳುವ ವ್ಯಾಯಾಮ. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಲ್ಲಿ, ಮೊಣಕಾಲು ಸ್ವಲ್ಪವೇ ಸಡಿಲಿಸಿ, ಪೃಷ್ಠ ಗೋಡೆಗೆ ತಾಗುವಂತೆ ಹಿಂದೆ ಸರಿಸಿ. ಅದೇ ಚಲನೆ. ಡಂಬೆಲ್ ತೊಡೆಗೆ ಅಂಟಿಕೊಂಡಂತೆ ಜಾರಬೇಕು. ಮುಂದೆ ದೂರ ಹೋದರೆ ಕೆಳಬೆನ್ನಿಗೆ ಹೊರೆ ಬೀಳುತ್ತದೆ. ತೊಡೆಯ ಹಿಂಭಾಗ ಬಿಗಿದಾಗ ನಿಲ್ಲಿಸಿ ಮೇಲೇಳಿ, ನೆಲ ಮುಟ್ಟುವ ಹಟ ಬೇಡ. ಬೆನ್ನು ಗೂನಾದರೆ ಆ ಸೆಟ್ ಅಲ್ಲಿಗೇ ಮುಗಿಯಿತು.

ಸ್ಕ್ವಾಟ್‌ನಲ್ಲಿ ಹಿಮ್ಮಡಿ ಏಳುತ್ತಿದ್ದರೆ ಕಾಲನ್ನು ಸ್ವಲ್ಪ ಅಗಲಿಸಿ, ಪಾದ ಹೊರಗೆ ತಿರುಗಿಸಿ. ಮೊಣಕಾಲು ಒಳಕ್ಕೆ ವಾಲದೆ ಪಾದದ ದಿಕ್ಕಿಗೇ ಹೋಗಬೇಕು. ಲೆಗ್ ಪ್ರೆಸ್‌ನಲ್ಲಿ ಸೊಂಟ ಸೀಟಿನಿಂದ ಮೇಲೇಳುವಷ್ಟು ಆಳಕ್ಕೆ ಇಳಿಸಬೇಡಿ, ಮೇಲೆ ಮೊಣಕಾಲನ್ನು ಪೂರ್ತಿ ಲಾಕ್ ಮಾಡಬೇಡಿ. ಲ್ಯಾಟ್ ಪುಲ್‌ಡೌನ್ ಬಾರ್ ಎದೆಯ ಮೇಲ್ಭಾಗಕ್ಕೆ ಬರಲಿ, ಕತ್ತಿನ ಹಿಂದಕ್ಕೆ ಅಲ್ಲ. ಮೈಯನ್ನೇ ಹಿಂದಕ್ಕೆ ಜೋಲಿಸಿ ಎಳೆಯುತ್ತಿದ್ದರೆ ಒಂದು ಪ್ಲೇಟ್ ಇಳಿಸಿ. ಬೆಂಚ್ ಪ್ರೆಸ್‌ನಲ್ಲಿ ಮೊಣಕೈ ಭುಜದ ನೇರಕ್ಕೆ ಚಾಚಿಕೊಂಡಿದ್ದರೆ ಭುಜ ನೋಯುತ್ತದೆ. ಪಕ್ಕೆಯಿಂದ ಸುಮಾರು 45–60 ಡಿಗ್ರಿ ಇರಲಿ. ಪ್ಲ್ಯಾಂಕ್‌ನಲ್ಲಿ ಸೊಂಟ ಜೋತುಬಿದ್ದ ಕ್ಷಣವೇ ಇಳಿಯಿರಿ.

ಎಲ್ಲದರಲ್ಲೂ ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಇಳಿಸಲು 2–3 ಸೆಕೆಂಡು ತೆಗೆದುಕೊಳ್ಳಿ.

ನಿಲ್ಲಿಸಬೇಕಾದಾಗ

ಸ್ನಾಯುವಿನಲ್ಲಿ ಉರಿ, ಮರುದಿನದ ಮಂದ ನೋವು ಸಾಮಾನ್ಯ. ಕೀಲಿನಲ್ಲಿ ಚುಚ್ಚುವ ನೋವು, ಕೈಕಾಲಿಗೆ ಹರಿಯುವ ಜೋಮು ಬಂದರೆ ಆ ವ್ಯಾಯಾಮ ಬಿಡಿ. ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಬಂದರೆ ಎಲ್ಲವನ್ನೂ ನಿಲ್ಲಿಸಿ ಸಹಾಯ ಕೇಳಿ. ತೀವ್ರ ಸ್ನಾಯು ನೋವಿನ ಜೊತೆ ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಕಾಯದೆ ಅದೇ ದಿನ ವೈದ್ಯರ ಬಳಿ ಹೋಗಿ.

ದಿನ ತಪ್ಪಿದರೆ, 8 ವಾರ ಮುಗಿದರೆ

ಒಂದು ದಿನ ತಪ್ಪಿದರೆ ಪಟ್ಟಿಯಲ್ಲಿ ನಿಂತಲ್ಲಿಂದ ಮುಂದುವರಿಯಿರಿ, ಎರಡು ದಿನದ್ದನ್ನು ಒಟ್ಟಿಗೆ ಮಾಡಬೇಡಿ. ಎರಡು ವಾರ ತಪ್ಪಿದರೆ ತೂಕವನ್ನು ಹತ್ತನೇ ಒಂದು ಭಾಗ ಇಳಿಸಿ ಶುರು ಮಾಡಿ. ಎಂಟು ವಾರದ ನಂತರವೂ ರೆಪ್ಸ್ ಅಥವಾ ತೂಕ ಏರುತ್ತಿದ್ದರೆ ಇದೇ ಪಟ್ಟಿ ಸಾಕು. ಗಾಬ್ಲೆಟ್ ಸ್ಕ್ವಾಟ್‌ನಲ್ಲಿ 20 ಕೆಜಿಗೆ 12 ರೆಪ್ ಸಲೀಸಾಗಿ ಬಂದವರು ಬಾರ್‌ಬೆಲ್ ಸ್ಕ್ವಾಟ್ ಕಲಿಯಬಹುದು. ಸಾಮಾನ್ಯವಾಗಿ ಖಾಲಿ ಉದ್ದ ಬಾರ್ ತೂಕವೇ 20 ಕೆಜಿ, ಮೊದಲ ವಾರ ಅದಕ್ಕೆ ಪ್ಲೇಟ್ ಹಾಕಬೇಡಿ.