ಪಿಎಂಪಿ ಓದು: ದಪ್ಪ ಪುಸ್ತಕದಿಂದ ಹಿಂಡಿದ್ದು

ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆಗೆ ಓದುತ್ತಿರುವ ನಮ್ಮ ಶನಿವಾರದ ಗುಂಪಿಗೆ. ದಪ್ಪ ಪುಸ್ತಕವೆಂದರೆ ಪಿಎಂಬಾಕ್. ಅದರ 6ನೇ ಆವೃತ್ತಿ (2017) 49 ಪ್ರಕ್ರಿಯೆಗಳ ಕೋಷ್ಟಕ. 7ನೆಯದು (2021) 12 ತತ್ವಗಳ ಮಾತು. 49ನ್ನೂ ಉರುಹೊಡೆಯಬೇಡಿ. ನಾನು ಹೊಡೆದೆ, ಎರಡು ವಾರ ದಂಡ.

ಅರ್ನ್ಡ್ ವ್ಯಾಲ್ಯೂ ಮಾತ್ರ ಕೈ ಬಿಡಬೇಡಿ. ಕಾಂಪೌಂಡ್ ಗೋಡೆ, ಒಟ್ಟು ಬಜೆಟ್ 12 ಲಕ್ಷ. ಇವತ್ತಿಗೆ ಅರ್ಧ ಆಗಬೇಕಿತ್ತು, ಆದದ್ದು ಶೇ. 40, ಖರ್ಚು 6.4 ಲಕ್ಷ. ಕೆಳಗೆ ಎಲ್ಲ ಲಕ್ಷದಲ್ಲಿ: PV ಎಂದರೆ ಆಗಬೇಕಿದ್ದ ಕೆಲಸದ ಬೆಲೆ, EV ಆದ ಕೆಲಸದ ಬೆಲೆ, ಅದೇ ಅರ್ನ್ಡ್ ವ್ಯಾಲ್ಯೂ, AC ನಿಜ ಖರ್ಚು, BAC ಒಟ್ಟು ಬಜೆಟ್. SPI ವೇಳೆಯ ಸೂಚ್ಯಂಕ, CPI ಖರ್ಚಿನದು, EAC ಮುಗಿಯುವಷ್ಟರಲ್ಲಿ ಆಗುವ ಒಟ್ಟು ಖರ್ಚಿನ ಅಂದಾಜು.

```
PV = 6.0   EV = 4.8   AC = 6.4
SPI = EV/PV = 0.80
CPI = EV/AC = 0.75
EAC = BAC/CPI = 12/0.75 = 16
```

ಎರಡೂ 1ಕ್ಕಿಂತ ಕಡಿಮೆ: ಕೆಲಸ ಹಿಂದೆ, ದುಡ್ಡು ಮುಂದೆ. ಹೀಗೇ ಸಾಗಿದರೆ ಗೋಡೆ ಮುಗಿಯುವಷ್ಟರಲ್ಲಿ 16 ಲಕ್ಷ. ಎರಡು ಸೂಚ್ಯಂಕದಲ್ಲೂ EV ಮೇಲೆಯೇ ಇರುತ್ತದೆ. ಅಷ್ಟು ನೆನಪಿದ್ದರೆ ಸೂತ್ರ ತಲೆಕೆಳಗಾಗದು.

ರಿಸ್ಕ್ ಎಂದರೆ ಆಗಬಹುದಾದದ್ದು, ಇಶ್ಯೂ ಎಂದರೆ ಆಗಿಹೋದದ್ದು. ಮಳೆ ಬಂದೀತು ಎಂಬುದು ರಿಸ್ಕ್. ಸಿಮೆಂಟ್ ಚೀಲ ನೆನೆದು ಗಟ್ಟಿಯಾಯಿತು ಎಂಬುದು ಇಶ್ಯೂ.

ಮಾದರಿ ಪ್ರಶ್ನೆ: ಗ್ರಾಹಕರು ಇನ್ನೊಂದು ಗೇಟ್ ಬೇಕೆನ್ನುತ್ತಾರೆ. ಮೊದಲು ಏನು ಮಾಡುವಿರಿ?
ಅ) ಒಪ್ಪುವುದು
ಆ) ನಿರಾಕರಿಸುವುದು
ಇ) ಪರಿಣಾಮ ಲೆಕ್ಕಹಾಕುವುದು
ಈ) ಸ್ಪಾನ್ಸರ್‌ಗೆ ದೂರುವುದು

ಉತ್ತರ ಇ. ಸಮಯ, ಖರ್ಚು, ಗುಣಮಟ್ಟಕ್ಕೆ ಏನಾಗುತ್ತದೆಂದು ನೋಡಿ, ಆಮೇಲೆ ಬದಲಾವಣೆ ನಿಯಂತ್ರಣ ಮಂಡಳಿಗೆ. ನಮ್ಮ ಸೈಟುಗಳಲ್ಲಿ ‘ಅ’ಯೇ ನಡೆಯುವುದು, ಅದು ಬೇರೆ ಮಾತು, ‘ಮೊದಲು’ ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ.

ಸಂವಹನ ದಾರಿಗಳು `n(n-1)/2`. ತಂಡ 5ರಿಂದ 8ಕ್ಕೇರಿದರೆ 10 ಇದ್ದದ್ದು 28. ‘ಎಷ್ಟು ಹೆಚ್ಚಾಯಿತು’ ಎಂದು ಕೇಳಿದರೆ 18.